ಖಾತೆಗೆ ಬಂದ ದೊಡ್ಡ ಮೊತ್ತಕ್ಕೆ ವಿವರಣೆ ಪತ್ರ

ನನ್ನ ಖಾತೆಗೆ ಒಮ್ಮೆಲೇ ಜಮೆಯಾದ ದೊಡ್ಡ ಮೊತ್ತಕ್ಕೆ ಸಾಲ ಕೊಡುವವರು ವಿವರಣೆ ಪತ್ರ ಕೇಳಿದ್ದಾರೆ. ಏನು ಬರೆಯಲಿ?

ಹಣ ಯಾವಾಗ, ಎಷ್ಟು, ಯಾರಿಂದ, ಯಾಕೆ ಬಂತೆಂದು ನಾಲ್ಕೈದು ಸಾಲಿನಲ್ಲಿ ಬರೆದು ದಾಖಲೆಗಳನ್ನು ಲಗತ್ತಿಸಿ. ಅವರ ಮುಖ್ಯ ಅನುಮಾನ ಇಷ್ಟೇ: ಇದು ಇನ್ನೊಂದು ಕೈಸಾಲವಾಗಿದ್ದರೆ ಅದರ ಕಂತೂ ನಿಮ್ಮ ಇದೇ ಆದಾಯದಿಂದ ಹೋಗಬೇಕು.

ಕಾರು ಮಾರಿದ ಹಣ ಎಂದುಕೊಳ್ಳಿ. "12ನೇ ತಾರೀಖು ಜಮೆಯಾದ ಮೊತ್ತ ನನ್ನ ಕಾರು ಮಾರಿದ್ದರಿಂದ ಬಂದದ್ದು, ಹಿಂದಿರುಗಿಸಬೇಕಾದ ಸಾಲವಲ್ಲ" ಎಂದು ಬರೆದು, ಮಾರಾಟದ ಕರಾರು, ಮಾಲೀಕತ್ವ ವರ್ಗಾವಣೆಯ ದಾಖಲೆ, ಜಮೆ ಕಾಣುವ ಸ್ಟೇಟ್‌ಮೆಂಟ್ ಪುಟ ಜೋಡಿಸಿ. ಇಂಥ ಪತ್ರ ಎಡವುವುದು ಹೆಚ್ಚಾಗಿ ಅಂಕಿಯಲ್ಲಿ. ಮುಂಗಡವನ್ನು ಮೊದಲೇ ಪಡೆದಿದ್ದರೆ ಕರಾರಿನ ಬೆಲೆಗೂ ಜಮೆಗೂ ತಾಳೆಯಾಗುವುದಿಲ್ಲ; ಆ ವ್ಯತ್ಯಾಸವನ್ನು ಅವರು ಕೇಳುವ ಮೊದಲೇ ತಿಳಿಸಿ, ಮುಂಗಡದ ರಸೀದಿಯನ್ನೂ ಇಡಿ.