ಚಿಕ್ಕಮ್ಮ ಬಾಲ್‌ಪೆನ್ ಹಿಡಿದು ಓದಿದ ಜಾಹೀರಾತು

"ಸರ್, ಡೊಂಬಿವಲಿಯಲ್ಲಿ ಅತ್ತೆಯ ಜೊತೆ ಸೇರಿ ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತೇನೆ. ನಿಮ್ಮ ಪತ್ರಿಕೆಯ ಹಿರಿಯ ಓದುಗರಿಗಾಗಿ ಈ ಬರಹ ಬರೆದಿದ್ದೇನೆ. ಇದೇ ಬರಹ ನೋಡಿ ನಾಲ್ಕೈದು ಜನ ಫೋನ್ ಮಾಡಿದರು, ಆದರೆ ಯಾರೂ ತಗೊಳ್ಳಲಿಲ್ಲ. ಎಲ್ಲಿ ತಪ್ಪಿದೆ, ಮುಲಾಜಿಲ್ಲದೆ ಹೇಳಿ."

ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. "ಪರಂಪರೆಯ ಸೊಗಡಿನ ಅಪ್ರತಿಮ ರುಚಿಯ ಅನುಭವ" ಅಂತ ಶುರು ಮಾಡಿದ್ದೀರಿ. ಇದನ್ನು ಸೋಪಿಗೂ ಬರೆಯಬಹುದು, ಸೀರೆಗೂ ಬರೆಯಬಹುದು. ಚಟ್ನಿಪುಡಿ ಅನ್ನುವ ಪದ ಬಂದಿದ್ದು ನಾಲ್ಕನೇ ಸಾಲಿನಲ್ಲಿ.

ನಿಮ್ಮ ಬರಹವನ್ನು ಮುಲುಂಡ್‌ನಲ್ಲಿರುವ ನಮ್ಮ ಚಿಕ್ಕಮ್ಮನಿಗೆ ಕೊಟ್ಟೆ. ಅವರಿಗೆ ಎಪ್ಪತ್ನಾಲ್ಕು. ಭೂತಗನ್ನಡಿ ಹಿಡಿದು ಓದಿದರು. ಆಮೇಲೆ ಬಾಲ್‌ಪೆನ್ ತಗೊಂಡು ಅಂಚಿನಲ್ಲಿ ಬರೆದರು: "ಬೆಳ್ಳುಳ್ಳಿ ಇದೆಯಾ? ಖಾರ ಎಷ್ಟು? ಹಲ್ಲಿಗೆ ಸಿಗತ್ತಾ? ಯಾರು ತಂದು ಕೊಡ್ತಾರೆ?" ನಿಮ್ಮ ಬರಹದಲ್ಲಿ ಈ ನಾಲ್ಕಕ್ಕೂ ಉತ್ತರ ಇಲ್ಲ. ಫೋನ್ ಮಾಡಿದವರೂ ಇದನ್ನೇ ಕೇಳಿರಬೇಕು, ಅಲ್ವಾ?

ಬೆಳ್ಳುಳ್ಳಿ ಸಣ್ಣ ವಿಷಯ ಅಂದುಕೊಳ್ಳಬೇಡಿ. ನಮ್ಮ ಹಿರಿಯರಲ್ಲಿ ಬೆಳ್ಳುಳ್ಳಿ ಮುಟ್ಟದ ಮನೆಗಳು ಎಷ್ಟಿಲ್ಲ! ಅದನ್ನು ಹೇಳದಿದ್ದರೆ ಅವರು ಕೇಳುವುದೂ ಇಲ್ಲ, ಸುಮ್ನೆ ಪುಟ ತಿರುಗಿಸುತ್ತಾರೆ. ಉಪ್ಪಿನದೂ ಹಾಗೇ. ಬಿಪಿ ಇದ್ದವರು ಮೊದಲು ನೋಡುವುದು ಅದನ್ನೇ. ಆದರೆ "ಬಿಪಿಗೆ ಒಳ್ಳೆಯದು" ಅಂತ ಮಾತ್ರ ಬರೆಯಬೇಡಿ. ಏನೇನು ಹಾಕಿದ್ದೀರಿ ಅಂತ ಹೇಳಿ, ತೀರ್ಮಾನ ಅವರೇ ಮಾಡಲಿ.

ಇನ್ನು "149ರಿಂದ ಆರಂಭ". ಇದನ್ನು ಓದಿದ ಕೂಡಲೇ ಚಿಕ್ಕಮ್ಮ "ಹಾಗಾದ್ರೆ ಕೊನೆಗೆ ಎಷ್ಟು?" ಅಂದರು. ಒಂದೇ ತೂಕ, ಒಂದೇ ಬೆಲೆ ಬರೆಯಿರಿ. ತಂದು ಕೊಡುವ ಖರ್ಚು ಸೇರಿದೆಯೋ ಇಲ್ಲವೋ ಅದೇ ಸಾಲಿನಲ್ಲಿ ಇರಲಿ. "ಸದಾ ತಾಜಾ" ಅನ್ನುವುದನ್ನೂ ತೆಗೆಯಿರಿ. ಶೇಂಗಾದಲ್ಲಿ ಎಣ್ಣೆ ಜಾಸ್ತಿ, ಗಾಳಿ ತಾಗಿದರೆ ಕಮಟು ವಾಸನೆ ಬರುತ್ತದೆ ಅಂತ ಈ ಅಡುಗೆಮನೆಯ ಹಳಬರಿಗೆ ನೀವು ಕಲಿಸಬೇಕಿಲ್ಲ. ಯಾವತ್ತು ಪುಡಿ ಮಾಡಿದ್ದು, ಎಷ್ಟು ದಿನದೊಳಗೆ ಮುಗಿಸಬೇಕು, ಇಷ್ಟು ಸಾಕು. ಪ್ಯಾಕೆಟ್ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರನ್ನು ಇಲ್ಲೂ ಹಾಕಿ.

ನಿಜವಾದ ಅಡ್ಡಿ ದುಡ್ಡು ಮತ್ತು ಬಾಗಿಲು. "ಲಿಂಕ್ ಒತ್ತಿ, ಮುಂಗಡ ಪಾವತಿಸಿ" ಅಂದಿದ್ದೀರಿ. ಚಿಕ್ಕಮ್ಮ ಒಮ್ಮೆ ಹೀಗೇ ಮುಂಗಡ ಕಟ್ಟಿ ಬೆನ್ನಿನ ದಿಂಬು ತರಿಸಿದ್ದರು. ದಿಂಬು ಬರಲೇ ಇಲ್ಲ, ನಂಬರ್ ಬಂದ್. ಅಂಥವರಿಗೆ "ನಂಬಿಕೆಯೇ ನಮ್ಮ ಬಂಡವಾಳ" ಅಂದರೆ ಅನುಮಾನ ಇನ್ನೂ ಜಾಸ್ತಿ ಆಗುತ್ತದೆ. ಬದಲಿಗೆ ಯಾರು, ಯಾವ ದಿನ, ಎಷ್ಟು ಗಂಟೆಗೆ ಬರುತ್ತಾರೆ ಅಂತ ಬರೆಯಿರಿ. ದುಡ್ಡು ಯಾವಾಗ ಕೊಡಬೇಕು ಅಂತಲೂ. ಒಟಿಪಿ ಕೇಳುವುದಿಲ್ಲ ಅಂತ ಬಿಡಿಸಿ ಹೇಳಿ. ಯಾರಾದರೂ ದುಡ್ಡು ವಾಪಸ್ ಕೇಳಿದರೆ ಯುಪಿಐ ಪಿನ್ ಒತ್ತಲು ಹೇಳಲೇಬೇಡಿ. ಪಿನ್ ಬೇಕಾಗುವುದು ದುಡ್ಡು ಕಳಿಸುವಾಗ, ಪಡೆಯುವಾಗ ಅಲ್ಲ. ಮೋಸ ಮಾಡುವವರು ಆಡುವ ಆಟವೇ ಅದು.

"ಇಡೀ ಮುಂಬೈಗೆ ಡೆಲಿವರಿ" ಅನ್ನುವುದನ್ನು ಹೊಡೆದು ಹಾಕಿದ್ದೇನೆ. ನಿಮ್ಮ ಮನೆಯವರು ಲೋಕಲ್ ಹಿಡಿದು ಎಲ್ಲಿವರೆಗೆ ಹೋಗಿ ಬರಬಲ್ಲರೋ ಅಷ್ಟೇ ಹೇಳಿ. ವಿರಾರ್‌ನಿಂದ ಒಬ್ಬರು ಕೇಳಿ, ನೀವು ಎರಡು ವಾರ ತಡ ಮಾಡಿದರೆ ಅವರ ಸೊಸೈಟಿಗೆಲ್ಲ ಸುದ್ದಿ ಮುಟ್ಟುತ್ತದೆ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ. ತೂಕ, ಬೆಲೆ, ದಿನ ನಿಮ್ಮದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ:

"ಶೇಂಗಾ ಚಟ್ನಿಪುಡಿ. ಕಾಲು ಕಿಲೋಗೆ 150 ರೂಪಾಯಿ, ಮನೆಗೆ ತಂದು ಕೊಡುವುದೂ ಸೇರಿ. ಶೇಂಗಾ, ಒಣಮೆಣಸಿನಕಾಯಿ, ಜೀರಿಗೆ, ಹುಣಸೆ, ಬೆಲ್ಲ, ಉಪ್ಪು. ಬೆಳ್ಳುಳ್ಳಿ ಹಾಕಿದ್ದು, ಹಾಕದ್ದು ಎರಡೂ ಇದೆ. ಖಾರ ಕಡಿಮೆ. ನುಣ್ಣಗೆ ಕುಟ್ಟಿದ್ದು, ಹಲ್ಲಿಗೆ ಸಿಗುವುದಿಲ್ಲ. ಬುಧವಾರ ಮಾಡುತ್ತೇವೆ, ಶನಿವಾರ ಬೆಳಿಗ್ಗೆ 10ರಿಂದ 1ರೊಳಗೆ ಕಲ್ಯಾಣದಿಂದ ಮುಲುಂಡ್‌ವರೆಗೆ ನಮ್ಮ ಮನೆಯವರೇ ತಂದು ಕೊಡುತ್ತಾರೆ. ಹೊರಡುವ ಮೊದಲು ಫೋನ್ ಮಾಡುತ್ತಾರೆ. ಪ್ಯಾಕೆಟ್ ಬಿಚ್ಚಿ, ರುಚಿ ನೋಡಿ ದುಡ್ಡು ಕೊಡಿ. ಒಟಿಪಿ ಕೇಳುವುದಿಲ್ಲ."

ಇದರ ಕೆಳಗೆ ಫೋನ್ ನಂಬರ್, ಐದೈದು ಅಂಕಿ ಬಿಡಿಸಿ, ಉಳಿದದ್ದಕ್ಕಿಂತ ದಪ್ಪ ಅಕ್ಷರದಲ್ಲಿ. ಎತ್ತುವವರ ಹೆಸರು, ಎಷ್ಟು ಗಂಟೆಯೊಳಗೆ ಮಾಡಬೇಕು ಅನ್ನುವುದೂ ಬೇಕು. ಅತ್ತೆಯೇ ಎತ್ತಿದರೆ ಇನ್ನೂ ಒಳ್ಳೆಯದು. ವಯಸ್ಸಾದವರು ಆರ್ಡರ್‌ಗಿಂತ ಮೊದಲು "ನಿಮ್ಮ ಊರು ಯಾವುದು?" ಅಂತ ಶುರು ಮಾಡುತ್ತಾರೆ. ನಿಮಗೆ ಅಷ್ಟು ಪುರುಸೊತ್ತು ಇರುವುದಿಲ್ಲ.

ರುಚಿ ನೋಡಿ ಬೇಡ ಅಂದವರ ಪ್ಯಾಕೆಟ್ ನಿಮಗೇ ನಷ್ಟ. ಆ ಲೆಕ್ಕ ಗಿಟ್ಟದಿದ್ದರೆ ಆ ಸಾಲು ಬಿಡಿ. ಬರೆದ ಮೇಲೆ ಮಾತ್ರ ಬಾಗಿಲಲ್ಲಿ ವಾದ ಮಾಡುವ ಹಾಗಿಲ್ಲ.

ಶುಕ್ರವಾರದೊಳಗೆ ತಿದ್ದಿ ಕಳಿಸಿ. ಚಿಕ್ಕಮ್ಮ ಒಂದು ಪ್ಯಾಕೆಟ್ ಹೇಳಿದ್ದಾರೆ, ಬೆಳ್ಳುಳ್ಳಿ ಇಲ್ಲದ್ದು.