ಆಸರೆ ಮತ್ತು ಸಹಾಯ

“ಮಾನ್ಯ ಸಂಪಾದಕರೇ, ಲೆಕ್ಕದಲ್ಲಿ ತಡವರಿಸುವ ಮಗುವಿಗೆ ನಾನು ಪ್ರತಿದಿನ ಪಕ್ಕದಲ್ಲಿ ಕುಳಿತು ಹೇಳಿಕೊಡುತ್ತೇನೆ. ಅದು ಬರೀ ಸಹಾಯ, ಸ್ಕ್ಯಾಫೋಲ್ಡಿಂಗ್ ಅಲ್ಲ ಎನ್ನುತ್ತಾರೆ ಸಹೋದ್ಯೋಗಿಗಳು. ವ್ಯತ್ಯಾಸವೇನು? ಆಸರೆಯನ್ನು ಯಾವಾಗ ಹಿಂತೆಗೆಯಬೇಕು?”
— ಒಬ್ಬ ಶಿಕ್ಷಕಿ

ದಿನವೂ ಪಕ್ಕದಲ್ಲಿ ಕೂರುವ ನಿಮ್ಮ ತಾಳ್ಮೆಗೆ ನಮಸ್ಕಾರ. ಸಹಾಯ ತಪ್ಪೇನಲ್ಲ, ಪಾಠಕ್ಕೆ ಸಂಬಂಧಿಸದ ಪದವೊಂದರ ಅರ್ಥ ಕೇಳಿದರೆ ಹೇಳಿಬಿಡುವುದೇ ಸರಿ. ಆದರೆ ಸಹಾಯದಿಂದ ಮುಗಿಯುವುದು ಇವತ್ತಿನ ಲೆಕ್ಕ ಮಾತ್ರ. ಸ್ಕ್ಯಾಫೋಲ್ಡಿಂಗ್ ಎಂಬ ಆಸರೆಯಾದರೋ ನಾಳೆ ಮಗು ಒಂಟಿಯಾಗಿ ಲೆಕ್ಕ ಮಾಡಲೆಂದೇ ಕೊಟ್ಟದ್ದು. ತೆಗೆಯುವ ಯೋಚನೆ ಕೊಡುವಾಗಲೇ ಅದರಲ್ಲಿ ಸೇರಿರುತ್ತದೆ.

ಈ ಅರ್ಥದಲ್ಲಿ ಸ್ಕ್ಯಾಫೋಲ್ಡಿಂಗ್ ಎಂಬ ಪದವನ್ನು ಬಳಕೆಗೆ ತಂದದ್ದು 1976ರಲ್ಲಿ ಮನೋವಿಜ್ಞಾನಿಗಳಾದ ವುಡ್, ಬ್ರೂನರ್ ಮತ್ತು ರಾಸ್ ಪ್ರಕಟಿಸಿದ ಅಧ್ಯಯನ. ಮೂರರಿಂದ ಐದು ವರ್ಷದ ಮಕ್ಕಳು ಮರದ ತುಂಡುಗಳನ್ನು ಜೋಡಿಸಿ ಪಿರಮಿಡ್ ಕಟ್ಟುವಾಗ ಕಲಿಸುವವರು ಏನು ಮಾಡುತ್ತಾರೆಂದು ಅವರು ನೋಡಿದರು. ವುಡ್ ಅವರ ಕೆಲಸದಿಂದ ನಾನು ಬಿಡದೆ ಹಿಡಿದುಕೊಂಡ ಸೂತ್ರ ಒಂದೇ: ಮಗು ಎಡವಿದರೆ ನೆರವು ಒಂದು ಮೆಟ್ಟಿಲು ಏರಲಿ, ಮಾಡಿ ತೋರಿಸಿದರೆ ಒಂದು ಮೆಟ್ಟಿಲು ಇಳಿಯಲಿ.

ನಾನು ಪಾಠ ಹೇಳುತ್ತಿದ್ದ ದಿನಗಳಲ್ಲಿ ಒಬ್ಬ ಹುಡುಗಿ 52ರಿಂದ 27 ಕಳೆದು 35 ಎಂದು ಬರೆದಳು. 2ರಿಂದ 7 ಹೋಗದು ಎಂದು 7ರಿಂದಲೇ 2 ಕಳೆದಿದ್ದಳು. “5 ಹೊಡೆದು 4 ಮಾಡು, 2ನ್ನು 12 ಮಾಡು” ಎಂದೆ. ಉತ್ತರ 25 ಬಂತು, ನಾನು ಹಿಗ್ಗಿದೆ. ಮರುದಿನ 58ರಿಂದ 23 ಕಳೆಯಲು ಕೊಟ್ಟರೆ ಅಲ್ಲೂ 5ನ್ನು 4 ಮಾಡಿ, 18ರಿಂದ 3 ಕಳೆದು, 215 ಎಂದು ಬರೆದಳು. ನಾನು ಕೊಟ್ಟದ್ದು ಕೈಚಳಕ; ಹತ್ತನ್ನು ಯಾವಾಗ ಬಿಡಿಸಬೇಕೆಂಬ ತೀರ್ಮಾನ ನನ್ನ ಬಳಿಯೇ ಉಳಿದಿತ್ತು.

ಆಮೇಲೆ ಹತ್ತು ಹತ್ತರ ಕಡ್ಡಿಕಟ್ಟುಗಳನ್ನು ಮುಂದಿಟ್ಟು, ಲೆಕ್ಕದ ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಒಂದೊಂದನ್ನೇ ಅವಳಿಗೆ ಬಿಡುತ್ತ ಬಂದೆ. ಮೊದಲ ಲೆಕ್ಕ ಪೂರ್ತಿ ನಾನೇ ಮಾಡಿ ತೋರಿಸಿದೆ. ಎರಡನೆಯದರಲ್ಲಿ ಕಟ್ಟು ಬಿಚ್ಚಿಕೊಟ್ಟು, ಕಳೆಯುವುದನ್ನಷ್ಟೇ ಅವಳಿಗೆ ಬಿಟ್ಟೆ. ಮೂರನೆಯದರಲ್ಲಿ ಬಿಚ್ಚುವುದೂ ಅವಳದೇ. ಕೊನೆಗೆ, “ಇಲ್ಲಿ ಕಟ್ಟು ಬಿಚ್ಚಬೇಕೇ?” ಎಂಬ ನನ್ನ ಪ್ರಶ್ನೆಯನ್ನೂ ನಿಲ್ಲಿಸಿದೆ.

ಯಾವಾಗ ಹಿಂತೆಗೆಯಬೇಕೆಂದು ಪಠ್ಯಯೋಜನೆಯ ದಿನಾಂಕ ಹೇಳಲಾರದು. ಬಿಚ್ಚಬೇಕಾದ ಲೆಕ್ಕವನ್ನೂ ಬೇಡದ್ದನ್ನೂ ಬೆರೆಸಿ ಕೊಡಿ. ಮಗು ನಿಮ್ಮ ಮುಖ ನೋಡದೆ ಎರಡನ್ನೂ ಬೇರ್ಪಡಿಸಿ, ಏಕೆಂದು ಹೇಳಿದರೆ ಆ ಮೆಟ್ಟಿಲು ಇಳಿಸಿ. ಅಂಕಿಗಳ ಮೇಲೆ ಹತ್ತು ಬಿಡಿಸಿ ಬರೆಯುವ ಚೌಕಗಳನ್ನು ಕೊನೆಯ ಪುಟದವರೆಗೂ ಮುದ್ರಿಸುವ ಅಭ್ಯಾಸಪುಸ್ತಕಗಳ ಮೇಲೆ ನನಗೆ ಸಿಟ್ಟಿರುವುದು ಇದೇ ಕಾರಣಕ್ಕೆ: ಎಲ್ಲಿ ಬಿಡಿಸಬೇಕೆಂದು ಮಗುವಿಗಿಂತ ಮೊದಲೇ ಚೌಕ ತೀರ್ಮಾನಿಸಿರುತ್ತದೆ.

ತೆಗೆದ ಆಸರೆ ಮರಳಿ ಬಂದರೆ ಸೋಲೆಂದು ತಿಳಿಯಬೇಡಿ. 403ರಿಂದ 168 ಕಳೆಯುವಾಗ ಹತ್ತರ ಸ್ಥಾನದಲ್ಲಿ ಸೊನ್ನೆ ಕಂಡು ಅದೇ ಹುಡುಗಿ ಪೆನ್ಸಿಲ್ ಕೆಳಗಿಟ್ಟಳು. ನಾನು ಮಾತಾಡದೆ ಕಡ್ಡಿಗಳನ್ನು ಮತ್ತೆ ಮೇಜಿನ ಮೇಲಿಟ್ಟೆ. ಅವಳು ನೂರರ ಕಟ್ಟನ್ನು ಬಿಚ್ಚಿ ಹತ್ತು ಕಟ್ಟು ಮಾಡಿದಳು, ಅದರಲ್ಲೊಂದನ್ನು ಬಿಚ್ಚಿ ಬಿಡಿ ಕಡ್ಡಿಗಳಿಗೆ ಸೇರಿಸಿದಳು, ಸೊನ್ನೆಯ ಮೇಲೆ 9 ಬರೆದಳು. ಮುಂದಿನ ಲೆಕ್ಕಕ್ಕೆ ಕಡ್ಡಿಗಳನ್ನು ಅವಳೇ ಬದಿಗೆ ಸರಿಸಿದಳು.