ಹಾಲಿನ ಲೆಕ್ಕದ ಪಕ್ಕದ ಚುಕ್ಕೆಗಳು

ಅಮ್ಮ, ಮದುವೆಯಾಗಿ ಮೂರು ವರ್ಷವಾಯಿತು, ಮಕ್ಕಳಾಗಿಲ್ಲ. ಏಪ್ರಿಲ್ 13ರಂದು, ಮುಟ್ಟಾದ 22ನೆಯ ದಿನ, ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳುಹಿಸಿದರು. ‘ಪ್ರೊಲಿಫರೇಟಿವ್ ಹಂತ, ಅಂಡ ಬಿಡುಗಡೆಯಾದ ಕುರುಹಿಲ್ಲ, ಗ್ರ್ಯಾನುಲೋಮಾ ಇಲ್ಲ’ ಎಂದು ವರದಿ ಬಂತು. ಲ್ಯಾಬ್ ಕೋರ್ಸ್ ಮಾಡಿರುವ ನನ್ನ ನಾದಿನಿ ಅದನ್ನು ಓದಿ, ‘ಅತ್ತಿಗೆಗೆ ಮೊಟ್ಟೆಯೇ ಬಿಡುವುದಿಲ್ಲ, ಒಳಪದರ ಹೀಗಿದ್ದರೆ ಟ್ಯೂಬಿನ ಒಳಗೂ ಹೀಗೆಯೇ ಇರುತ್ತದೆ’ ಎಂದು ಮನೆಯವರ ಎದುರಿಗೆ ಹೇಳಿದಳು. ಅತ್ತೆ ಅಂದಿನಿಂದ ಹರಕೆಗಳ ಪಟ್ಟಿ ಹಿಡಿದು ಕುಳಿತಿದ್ದಾರೆ. ಗಂಡ ಮಾತನಾಡುವುದಿಲ್ಲ. ಆಸ್ಪತ್ರೆಯ ಫಾರಂ ತುಂಬಿದ್ದು ಅವರೇ, ಚಕ್ರ 28 ದಿನ ಎಂದು ಬರೆದಿದ್ದರಂತೆ. ನನಗೆ ಮೊದಲಿನಿಂದಲೂ ಸ್ವಲ್ಪ ತಡವಾಗಿಯೇ ಆಗುವುದು. ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲಿ ಚುಕ್ಕೆ ಇಡುತ್ತೇನೆ: ಜನವರಿ 4, ಫೆಬ್ರವರಿ 12, ಮಾರ್ಚ್ 23, ಏಪ್ರಿಲ್ 30. ಅವರಿಗೆ ಬೇರೆ ಮದುವೆಯಾಗಲು ಹೇಳಿ ನಾನು ತವರಿಗೆ ಹೋಗಿಬಿಡಲೇ?
— ಹೆಸರು ಬೇಡ, ಮಂಡ್ಯ

ತವರಿನ ಮಾತು ಆಮೇಲೆ. ಕಾಗದದ ಕೊನೆಯಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ, ಏನೂ ಅಲ್ಲವೆಂಬಂತೆ ನಾಲ್ಕು ದಿನಾಂಕ ಬರೆದಿದ್ದೀರಲ್ಲ, ನಿಮ್ಮ ವರದಿಗಿಂತ ಹೆಚ್ಚು ವಿಷಯ ಅವುಗಳಲ್ಲಿದೆ. ನೀವು ಅದನ್ನು ‘ಸ್ವಲ್ಪ ತಡ’ ಎಂದಿದ್ದೀರಿ. ಎಣಿಸಿ ನೋಡಿ: ಒಂದು ಚುಕ್ಕೆಯಿಂದ ಮುಂದಿನದಕ್ಕೆ 39 ದಿನ, ಮತ್ತೆ 39 ದಿನ, ಕೊನೆಯದು 38 ದಿನ. ಇಪ್ಪತ್ತೆಂಟು ಎಲ್ಲಿಯೂ ಇಲ್ಲ. ಅದು ನಿಮ್ಮ ಯಜಮಾನರು ಶಾಲೆಯ ಪುಸ್ತಕದಿಂದ ತಂದ ಸಂಖ್ಯೆ.

ಮುಟ್ಟಿನ ಚಕ್ರದಲ್ಲಿ ಎರಡು ಭಾಗಗಳಿವೆ. ಮುಟ್ಟಿನ ಮೊದಲ ದಿನದಿಂದ ಅಂಡ ಬಿಡುಗಡೆಯಾಗುವವರೆಗೆ ಒಂದು, ಅಲ್ಲಿಂದ ಮುಂದಿನ ಮುಟ್ಟಿನವರೆಗೆ ಇನ್ನೊಂದು. ಎರಡನೆಯ ಭಾಗ ಹೆಚ್ಚು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಬಹುತೇಕ ಹೆಂಗಸರಲ್ಲಿ 14 ದಿನಗಳ ಆಸುಪಾಸಿನಲ್ಲಿಯೇ ಇರುತ್ತದೆ. ಚಕ್ರ ಉದ್ದವಾಯಿತೆಂದರೆ ಉದ್ದವಾದದ್ದು ಸಾಮಾನ್ಯವಾಗಿ ಮೊದಲ ಭಾಗ. ಆದ್ದರಿಂದ ಅಂಡ ಬಿಟ್ಟ ದಿನವನ್ನು ಹಿಂದಿನ ಮುಟ್ಟಿನಿಂದ ಮುಂದಕ್ಕೆ ಎಣಿಸಬಾರದು, ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು. ನಿಮಗೆ ಮುಟ್ಟಾದದ್ದು ಏಪ್ರಿಲ್ 30ಕ್ಕೆ. ಹದಿನಾಲ್ಕು ದಿನ ಹಿಂದಕ್ಕೆ ಹೋದರೆ ಏಪ್ರಿಲ್ 16. ಚೂರು ತೆಗೆದದ್ದು 13ಕ್ಕೆ. ಆ ತಿಂಗಳು ನಿಮಗೆ ಅಂಡ ಬಿಡುಗಡೆಯಾಗಿದ್ದರೆ ಅದು ಪರೀಕ್ಷೆಯಾದ ಮೂರು ದಿನಗಳ ನಂತರ ಆಗಿದೆ. ಇನ್ನೂ ನಡೆಯದ ಸಂಗತಿಯ ಕುರುಹು ಸಿಗಲಿಲ್ಲ ಎಂದು ನಿಮ್ಮ ಮನೆಯಲ್ಲಿ ಪಂಚಾಯಿತಿ ಸೇರಿದೆ.

ಗಾಜಿನ ಮೇಲೆ ಕಂಡದ್ದೇನು ಎಂಬುದನ್ನು ಹೇಳುತ್ತೇನೆ. ಪೆಥಾಲಜಿ ವಿಭಾಗದಲ್ಲಿ ಇಂಥ ಚೂರುಗಳನ್ನು ನೋಡುತ್ತಲೇ ಕೂದಲು ಬೆಳ್ಳಗಾದವಳು ನಾನು. ನೀವು ಮಂಡ್ಯದವರು, ಕೂಳೆ ಕಬ್ಬು ನಿಮಗೆ ಗೊತ್ತು. ಮೇಲಿನ ಕಬ್ಬನ್ನು ಕಡಿದರೂ ಬುಡ ನೆಲದಲ್ಲಿ ಉಳಿದು ಮತ್ತೆ ಚಿಗುರುತ್ತದೆ. ಗರ್ಭಕೋಶದ ಒಳಪದರವೂ ಹಾಗೆಯೇ. ಮುಟ್ಟಿನಲ್ಲಿ ಉದುರುವುದು ಮೇಲಿನ ಭಾಗ ಮಾತ್ರ. ಸ್ನಾಯುವಿಗೆ ಅಂಟಿದ ತಳದ ಪದರಕ್ಕೆ ಬೇರೆಯೇ ರಕ್ತನಾಳಗಳಿದ್ದು ಅದು ಉಳಿದುಕೊಳ್ಳುತ್ತದೆ, ಅದರಿಂದಲೇ ಹೊಸ ಪದರ ಏಳುತ್ತದೆ. ಈಸ್ಟ್ರೊಜೆನ್ ಎಂಬ ಹಾರ್ಮೋನಿನ ಪ್ರಭಾವದಲ್ಲಿ ಹೀಗೆ ಬೆಳೆಯುವ ಕಾಲವನ್ನೇ ‘ಪ್ರೊಲಿಫರೇಟಿವ್’ ಎನ್ನುವುದು. ಗ್ರಂಥಿಗಳು ಮೊದಲು ನೇರವಾದ ಸಣ್ಣ ಕೊಳವೆಗಳಂತಿದ್ದು ಬರಬರುತ್ತ ಸುರುಳಿಯಾಗುತ್ತವೆ. ಅವುಗಳ ಗೋಡೆಯ ಕೋಶಕೇಂದ್ರಗಳು ಒಂದರ ಮೇಲೊಂದು ಒತ್ತೊತ್ತಾಗಿ ನಿಂತಿರುತ್ತವೆ, ಅಲ್ಲಲ್ಲಿ ಜೀವಕೋಶ ಒಡೆದು ಎರಡಾಗುತ್ತಿರುವುದು ಕಾಣುತ್ತದೆ. ಇದು ರೋಗವಲ್ಲ. ಪ್ರತಿ ತಿಂಗಳೂ ಆಗಲೇಬೇಕಾದ ಬೆಳವಣಿಗೆ.

ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಬರುತ್ತದೆ, ಆಗ ನೋಟವೇ ಬದಲಾಗುತ್ತದೆ. ಆದರೆ ತಕ್ಷಣವಲ್ಲ. ಮೊದಲ ಒಂದೂವರೆ ಎರಡು ದಿನ ನುರಿತ ಕಣ್ಣಿಗೂ ಖಚಿತವಾಗಿ ಏನೂ ಹೇಳಲಾಗುವುದಿಲ್ಲ. ಆಮೇಲೆ ಗ್ರಂಥಿಯ ಪ್ರತಿ ಜೀವಕೋಶದ ಬುಡದಲ್ಲಿ, ಕೋಶಕೇಂದ್ರದ ಕೆಳಗೆ, ಒಂದು ಖಾಲಿ ಗುಳ್ಳೆ ಕಾಣಿಸಿಕೊಳ್ಳುತ್ತದೆ. ಅಲ್ಲಿದ್ದದ್ದು ಗ್ಲೈಕೊಜೆನ್, ಸ್ಲೈಡ್ ತಯಾರಿಸುವಾಗ ಅದು ಕರಗಿಹೋಗಿ ಜಾಗ ಬಿಳಿಯಾಗಿ ಉಳಿಯುತ್ತದೆ. ಗುಳ್ಳೆಗಳೆಲ್ಲ ಒಂದೇ ಮಟ್ಟದಲ್ಲಿದ್ದು, ಅವುಗಳ ಮೇಲೆ ಕೋಶಕೇಂದ್ರಗಳು ಸಾಲು ಹಿಡಿದು ನಿಂತಿರುವ ಆ ದೃಶ್ಯವನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ‘ಅಂಡ ಬಿಡುಗಡೆಯಾದ ಕುರುಹು’ ಎಂದು ಮೊದಲು ಹುಡುಕುವುದು ಇದನ್ನೇ. ಇನ್ನೆರಡು ಮೂರು ದಿನಗಳಲ್ಲಿ ಗುಳ್ಳೆ ಮೇಲೇರಿ ಸ್ರಾವವಾಗಿ ಗ್ರಂಥಿಯೊಳಗೆ ಸುರಿಯುತ್ತದೆ, ಆಮೇಲೆ ಸುತ್ತಲಿನ ಅಂಗಾಂಶ ನೀರು ತುಂಬಿ ಸಡಿಲಾಗುತ್ತದೆ, ಗ್ರಂಥಿಗಳ ಅಂಚು ಗರಗಸದಂತಾಗುತ್ತದೆ. ಈ ದಿನಕ್ಕೆ ಈ ಗುರುತು ಎಂಬ ಪಟ್ಟಿಯನ್ನು ನಾಯ್ಸ್, ಹರ್ಟಿಗ್, ರಾಕ್ ಎಂಬ ಮೂವರು 1950ರಲ್ಲಿಯೇ ಕೊಟ್ಟರು. ಪಟ್ಟಿ ಮಾಡಿದ್ದು 28 ದಿನಗಳ ಚಕ್ರಕ್ಕೆ. ನಿಮ್ಮ ಫಾರಮ್ಮಿನಲ್ಲಿ 28 ಎಂದಿದ್ದುದರಿಂದ, 22ನೆಯ ದಿನಕ್ಕೆ ಇರಬೇಕಾದದ್ದು ಇಲ್ಲವಲ್ಲ ಎಂದು ವರದಿ ಬರೆದವರಿಗೆ ಅನ್ನಿಸಿದೆ. ಅವರನ್ನು ನಾನು ದೂರುವುದಿಲ್ಲ. ಅವರಿಗೆ ನೀವು ಕಾಣುವುದಿಲ್ಲ. ಒಂದು ಚೂರು ಮತ್ತು ಒಂದು ಚೀಟಿ ಮಾತ್ರ ಕಾಣುತ್ತದೆ.

ಇದೇ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಇನ್ನೊಮ್ಮೆ ಬರೆಯುತ್ತೇನೆ: ಹೆಂಗಸಿನ ಮುಟ್ಟಿನ ದಿನಾಂಕವನ್ನು ಹೆಂಗಸೇ ತನ್ನ ಕೈಯಾರೆ ಬರೆಯಬೇಕು. ಗಂಡ ಬರೆಯಬಾರದು, ಅತ್ತೆ ಬರೆಯಬಾರದು, ಕೌಂಟರಿನಲ್ಲಿ ಕುಳಿತವರು ಊಹಿಸಿ ತುಂಬಬಾರದು. ನಿಮ್ಮ ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ಹರಕೆಯಿಂದ ಗ್ರಂಥಿಗಳಿಗೆ ಕೆಡುಕಾಗುವುದಿಲ್ಲ. ಸಿಟ್ಟು ನಾದಿನಿಯ ಮೇಲೆ. ಸ್ಲೈಡಿಗೆ ಬಣ್ಣ ಹಾಕುವುದನ್ನು ಕಲಿತವಳಿಗೆ, ‘ಈ ಚೂರು ಚಕ್ರದ ಯಾವ ದಿನದ್ದು’ ಎಂಬ ಪ್ರಶ್ನೆ ವರದಿಗಿಂತ ಮೊದಲು ಬರಬೇಕಿತ್ತು. ಬಾರದಿದ್ದರೆ ಹೋಗಲಿ, ಅಡುಗೆಮನೆಯಲ್ಲಿ ನಿಮ್ಮೊಬ್ಬರಿಗೇ ಹೇಳಬಹುದಿತ್ತು.

ಟ್ಯೂಬಿನ ವಿಷಯದಲ್ಲಿ ಅವಳು ಆಡಿದ ಮಾತಂತೂ ಪೂರ್ತಿ ತಪ್ಪು. ಅಂಡನಾಳದ ಒಳಪದರ ತಿಂಗಳಿಗೊಮ್ಮೆ ಉದುರುವುದೇ ಇಲ್ಲ. ಅಲ್ಲಿರುವುದು ಒಂದೇ ಸಾಲಿನ ಎತ್ತರದ ಜೀವಕೋಶಗಳು, ಮುಖ್ಯವಾಗಿ ಎರಡು ಬಗೆ. ಒಂದು ಬಗೆಯವುಗಳ ತಲೆಯ ಮೇಲೆ ಸೂಕ್ಷ್ಮ ರೋಮಗಳಿದ್ದು ಅವು ಗರ್ಭಕೋಶದ ಕಡೆಗೆ ಬೀಸುತ್ತಿರುತ್ತವೆ. ಅವುಗಳ ನಡುನಡುವೆ ಸಿಕ್ಕಿಕೊಂಡ ತೆಳ್ಳನೆಯ ಇನ್ನೊಂದು ಬಗೆಯವು ಪೋಷಕ ದ್ರವ ಸುರಿಸುತ್ತವೆ. ಅಂಡ ಬಿಡುಗಡೆಯ ಹೊತ್ತಿಗೆ ಈ ಜೀವಕೋಶಗಳು ಎತ್ತರವಾಗುತ್ತವೆ, ಆಮೇಲೆ ತಗ್ಗುತ್ತವೆ. ಹಾರ್ಮೋನಿನ ಮಾತು ಅವುಗಳಿಗೂ ಕೇಳಿಸುತ್ತದೆ, ಆದರೆ ಜಾಗ ಬಿಟ್ಟು ಹೋಗುವುದಿಲ್ಲ. ಗರ್ಭಕೋಶದ ಚೂರು ನೋಡಿ ಅಂಡನಾಳ ಸರಿಯಿದೆ ಎಂದೂ ಹೇಳಲಾಗದು, ಕೆಟ್ಟಿದೆ ಎಂದೂ ಹೇಳಲಾಗದು. ಮುಂದೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಟ್ಟು ಚಿತ್ರ ತೆಗೆಯುತ್ತಾರೆ. ಅದನ್ನು ಮುಟ್ಟು ನಿಂತ ಮೇಲೆ, ಅಂಡ ಬಿಡುಗಡೆಗೆ ಮುಂಚೆ ಮಾಡಬೇಕು. ಅದರಲ್ಲಿ ತಿಳಿಯುವುದು ದಾರಿ ತೆರೆದಿದೆಯೇ ಎಂಬುದಷ್ಟೇ. ರೋಮಗಳು ಬೀಸುತ್ತಿವೆಯೇ ಎಂಬುದು ಅದರಲ್ಲಿಯೂ ಕಾಣುವುದಿಲ್ಲ.

ವರದಿಯ ಕೊನೆಯ ಮಾತನ್ನು ನಿಮ್ಮ ಮನೆಯಲ್ಲಿ ಯಾರೂ ಗಮನಿಸಿದಂತಿಲ್ಲ. ಗ್ರ್ಯಾನುಲೋಮಾ ಎಂದರೆ ಕ್ಷಯದಂಥ ರೋಗ ಬಿಡುವ ಸಣ್ಣ ಗಂಟು. ಜನನಾಂಗದ ಕ್ಷಯ ಸಾಮಾನ್ಯವಾಗಿ ಮೊದಲು ಹಿಡಿಯುವುದು ಅಂಡನಾಳವನ್ನು. ಅಲ್ಲಿಂದ ಅದು ಗರ್ಭಕೋಶಕ್ಕೆ ಇಳಿಯುತ್ತದೆ. ಗರ್ಭಕೋಶದ ಪದರ ಪ್ರತಿ ಮುಟ್ಟಿಗೂ ಉದುರಿಹೋಗುವುದರಿಂದ ಅಲ್ಲಿ ಗಂಟು ಬಲಿಯಲು ಸಮಯ ಬೇಕು. ಅದಕ್ಕಾಗಿ ಹುಡುಕುವಾಗ ಚೂರನ್ನು ಮುಟ್ಟಿಗೆ ಸ್ವಲ್ಪ ಮುಂಚೆ ತೆಗೆಯುವ ಪದ್ಧತಿಯಿದೆ. ನಿಮ್ಮದನ್ನು 17 ದಿನ ಮುಂಚೆಯೇ ತೆಗೆದರು. ಹಾಗಾಗಿ ‘ಇಲ್ಲ’ ಎಂಬ ಆ ಮಾತಿಗೆ ಅರ್ಧ ಬೆಲೆ. ನಿಮಗೆ ಕ್ಷಯವಿದೆ ಎಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಯಾರಿಗಾದರೂ ಕ್ಷಯವಾಗಿದ್ದರೆ, ನಿಮಗೆ ಹಿಂದೆ ದೀರ್ಘ ಜ್ವರ ಅಥವಾ ಕುತ್ತಿಗೆಯಲ್ಲಿ ಗಡ್ಡೆ ಬಂದಿದ್ದರೆ ವೈದ್ಯರಿಗೆ ತಿಳಿಸಿ.

ಹಾಗಾದರೆ ಮತ್ತೊಮ್ಮೆ ಚೂರು ತೆಗೆಸಬೇಕೇ? ಅಂಡ ಬಿಡುಗಡೆ ತಿಳಿಯಲೆಂದು ಬೇಡ. ಮಕ್ಕಳಾದವರಲ್ಲಿಯೂ ಆಗದವರಲ್ಲಿಯೂ ಈ ದಿನಗಣನೆ ವ್ಯತ್ಯಾಸ ತೋರಿಸುವುದಿಲ್ಲವೆಂದು 2004ರಲ್ಲಿಯೇ ದೊಡ್ಡ ಅಧ್ಯಯನವೊಂದರಲ್ಲಿ ಗೊತ್ತಾಗಿದೆ. ನೀವು ಮಾಡಬೇಕಾದದ್ದು ಒಂದೇ ಕೆಲಸ: ಜೂನ್ 1ರಂದು ರಕ್ತದಲ್ಲಿ ಪ್ರೊಜೆಸ್ಟರಾನ್ ಪರೀಕ್ಷೆ ಮಾಡಿಸಿ. ನಿಮ್ಮ ಚುಕ್ಕೆಗಳ ಪ್ರಕಾರ ಮುಂದಿನ ಮುಟ್ಟು ಜೂನ್ 8ರ ಸುಮಾರಿಗೆ. ಅದಕ್ಕೆ ಏಳು ದಿನ ಮುಂಚೆ ಎಂಬುದೇ ಲೆಕ್ಕ. ‘21ನೆಯ ದಿನ ಬನ್ನಿ’ ಎಂದು ಯಾರಾದರೂ ಹೇಳಿದರೆ ಕ್ಯಾಲೆಂಡರನ್ನೇ ಮೇಜಿನ ಮೇಲಿಡಿ. ಫಲಿತಾಂಶ ಮಿಲಿಲೀಟರಿಗೆ 3 ನ್ಯಾನೊಗ್ರಾಂಗಿಂತ ಹೆಚ್ಚಿದ್ದರೆ ಅಂಡ ಬಿಡುಗಡೆಯಾಗಿದೆ. ಕಡಿಮೆಯಿದ್ದರೆ, ಮುಟ್ಟು ಯಾವ ದಿನ ಬಂತೆಂದು ನೋಡದೆ ಅರ್ಥ ಹಚ್ಚಬೇಡಿ. 8ಕ್ಕೆ ಬದಲು 15ಕ್ಕೆ ಬಂದರೆ ರಕ್ತ ತೆಗೆದ ದಿನವೇ ತಪ್ಪಾಯಿತು, ಮುಂದಿನ ತಿಂಗಳು ಮತ್ತೆ ಮಾಡಿಸಬೇಕು.

ಚಕ್ರ 39 ದಿನ ಎಂಬುದೇ ಉದ್ದದ ಕಡೆಗೆ ವಾಲಿದ ಚಕ್ರ. ಆದ್ದರಿಂದ ಅದೇ ರಕ್ತದಲ್ಲಿ ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ನೋಡಲು ಕೇಳಿ, ಅಂಡಾಶಯದ ಸ್ಕ್ಯಾನ್ ಆಗಿಲ್ಲದಿದ್ದರೆ ಮಾಡಿಸಿ. ನಿಜಕ್ಕೂ ಅಂಡ ಬಿಡುಗಡೆಯಾಗುತ್ತಿಲ್ಲವೆಂದು ತಿಳಿದರೂ ಅದಕ್ಕೆ ಮಾತ್ರೆಗಳಿವೆ. ಬಂಜೆತನದ ಕಾರಣಗಳಲ್ಲಿ ಚಿಕಿತ್ಸೆಗೆ ಚೆನ್ನಾಗಿ ಬಗ್ಗುವುದು ಇದೇ.

ಇನ್ನು ತವರು. ಇಡೀ ಕಾಗದದಲ್ಲಿ ನಿಮ್ಮ ಯಜಮಾನರ ವೀರ್ಯ ಪರೀಕ್ಷೆಯ ಸುದ್ದಿಯೇ ಇಲ್ಲ. ಮೂರು ವರ್ಷದಲ್ಲಿ ನಿಮ್ಮ ಗರ್ಭಕೋಶದೊಳಗೆ ಉಪಕರಣ ಹಾಕಿ ಚೂರು ಕಿತ್ತರು. ಅವರು ಒಂದು ಡಬ್ಬಿ ಹಿಡಿದು ಕೋಣೆಯೊಳಗೆ ಹೋಗಿಬರಲಿಲ್ಲ. ಜೂನ್ 1ರಂದು ಅವರೂ ನಿಮ್ಮ ಜೊತೆಯಲ್ಲಿಯೇ ಬಂದು ಆ ಪರೀಕ್ಷೆ ಮಾಡಿಸಿಕೊಳ್ಳಲಿ. ಅದಕ್ಕೆ ಎರಡರಿಂದ ಏಳು ದಿನ ಸಂಪರ್ಕವಿಲ್ಲದೆ ಇರಬೇಕು ಎಂಬುದನ್ನು ಈಗಲೇ ತಿಳಿಸಿ. ಎರಡೂ ವರದಿಗಳು ಕೈಗೆ ಬರುವವರೆಗೆ ಬೇರೆ ಮದುವೆಯ ಮಾತನ್ನು ನೀವಾಗಿ ಎತ್ತಕೂಡದು.